ಎಕ್ಸ್‌ರೇಯಲ್ಲಿ ಚಿಟ್ಟೆ: ಹೃದಯ ಸೋತಾಗ ಶ್ವಾಸಕೋಶಕ್ಕೆ ನೀರು ಏರುವ ಬಗೆ

ರಾತ್ರಿ ಮಲಗಿ ಒಂದೆರಡು ಗಂಟೆಯಲ್ಲೇ ಕೆಮ್ಮುತ್ತಾ ಎದ್ದು ಕೂರುವ ಹಿರಿಯರನ್ನು ನೋಡಿದರೆ ಮನೆಯವರು ಮೊದಲು ಹೇಳುವ ಮಾತು 'ದಮ್ಮು' ಎಂದೇ. ಯುನಾನಿಯಲ್ಲಿ 'ಝೀಕುನ್ನಫಸ್' ಎಂದು ಕರೆಯುವ ಈ ಉಬ್ಬಸಕ್ಕೆ ಮನೆಯಲ್ಲಿ ಜೋಶಾಂದ, ಸಿರಪ್, ಹಬೆ ಎಲ್ಲವೂ ಸಿದ್ಧವಿರುತ್ತವೆ. ಆದರೆ ಅರುವತ್ತು ದಾಟಿದ, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರಿಗೆ ಹೊಸದಾಗಿ ಇಂಥ ಉಬ್ಬಸ ಬಂದರೆ ಅದರ ಮೂಲ ಹಲವು ಬಾರಿ ಶ್ವಾಸನಾಳದಲ್ಲಿ ಇರುವುದಿಲ್ಲ, ಹೃದಯದಲ್ಲಿ ಇರುತ್ತದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಿರುತ್ತದೆ. ಎರಡೂ ಹೊರಗೆ ಒಂದೇ ತರ ಕಂಡರೂ ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಈ ವ್ಯತ್ಯಾಸವನ್ನು ಮೊದಲು ತೋರಿಸಿಕೊಡುವುದು ಅನೇಕ ವೇಳೆ ಒಂದು ಸಾದಾ ಎದೆಯ ಎಕ್ಸ್‌ರೇ. ಅದರಲ್ಲಿ ವೈದ್ಯರು ಏನನ್ನು ನೋಡುತ್ತಾರೆ, ರಿಪೋರ್ಟಿನ ಆ ಕಷ್ಟದ ಪದಗಳ ಅರ್ಥವೇನು ಎಂಬುದನ್ನು ಈ ಬಾರಿ ತಿಳಿಯೋಣ.

ನೀರು ಎಲ್ಲಿಂದ ಬರುತ್ತದೆ?

ಹೃದಯದ ಬಲಭಾಗವು ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಗಾಳಿ ಪಡೆದ ರಕ್ತವನ್ನು ಎಡಭಾಗವು ಎಳೆದುಕೊಂಡು ಇಡೀ ದೇಹಕ್ಕೆ ತಳ್ಳುತ್ತದೆ. ಬಿಪಿ, ಹೃದಯಾಘಾತ ಅಥವಾ ಕವಾಟದ ತೊಂದರೆಯಿಂದ ಎಡಭಾಗವು ಸೋತರೆ, ಬಂದಷ್ಟು ರಕ್ತವನ್ನು ಮುಂದೆ ಸಾಗಿಸಲು ಅದಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ತೋಡಿನ ಬಾಯಿ ಕಟ್ಟಿದರೆ ನೀರು ಹಿಂದಕ್ಕೆ ತುಂಬಿ ಗದ್ದೆಗೆ ಏರುವ ಹಾಗೆ, ರಕ್ತವೂ ಹಿಂದಕ್ಕೆ ಶ್ವಾಸಕೋಶದ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ.

ಆ ನಾಳಗಳೊಳಗಿನ ಒತ್ತಡ ಆರೋಗ್ಯವಂತರಲ್ಲಿ ಬಹಳ ಕಡಿಮೆ, ಸುಮಾರು 12 ಮಿಲಿಮೀಟರ್ ಪಾದರಸದೊಳಗೆ. ಅದು ಏರುತ್ತಾ ಹೋದಂತೆ ಎಕ್ಸ್‌ರೇಯಲ್ಲಿ ಮೂರು ಹಂತಗಳು ಒಂದರ ಮೇಲೊಂದು ಕಾಣಿಸಿಕೊಳ್ಳುತ್ತವೆ. ಮೊದಲು ನಾಳಗಳು ಉಬ್ಬುತ್ತವೆ. ಒತ್ತಡ ಸುಮಾರು 18 ದಾಟಿದಾಗ ನೀರು ನಾಳದಿಂದ ಜಿನುಗಿ ಸುತ್ತಲಿನ ಪೊರೆಗಳಲ್ಲಿ ಸೇರುತ್ತದೆ. 25ರ ಆಚೆಗೆ ಹೋದರೆ ಗಾಳಿಚೀಲಗಳೊಳಕ್ಕೇ ನೀರು ನುಗ್ಗುತ್ತದೆ. ಈ ಅಂಕಿಗಳು ಹಠಾತ್ತಾಗಿ ಬಂದ ತೊಂದರೆಗೆ ಅನ್ವಯಿಸುವ ಸ್ಥೂಲ ಲೆಕ್ಕ. ಅದನ್ನು ನೆನಪಿಟ್ಟುಕೊಂಡರೆ ಎಕ್ಸ್‌ರೇಯ ಮೇಲಿನ ಒಂದೊಂದು ಗುರುತೂ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ.

ಮೊದಲ ಹಂತ: ಮೇಲಿನ ನಾಳಗಳು

ಎಕ್ಸ್‌ರೇಯಲ್ಲಿ ಗಾಳಿ ಕಪ್ಪಾಗಿಯೂ, ಎಲುಬು, ರಕ್ತ, ನೀರು ಬಿಳಿಯಾಗಿಯೂ ಕಾಣುತ್ತವೆ. ಫಿಲ್ಮನ್ನು ಎದುರಿಗೆ ಹಿಡಿದಾಗ ರೋಗಿ ನಮ್ಮ ಮುಂದೆ ಮುಖ ಮಾಡಿ ನಿಂತಿದ್ದಾರೆಂದು ಭಾವಿಸಬೇಕು. ಅವರ ಬಲ ನಮ್ಮ ಎಡಕ್ಕೆ ಬರುತ್ತದೆ. ನಿಂತು ತೆಗೆಸಿದ ಫಿಲ್ಮಿನಲ್ಲಿ ಶ್ವಾಸಕೋಶದ ಕೆಳಭಾಗದ ನಾಳಗಳು ದಪ್ಪ, ಮೇಲಿನವು ಸಪೂರ. ರಕ್ತ ಭಾರದಿಂದ ಕೆಳಗೆ ಹೆಚ್ಚು ಹರಿಯುವುದೇ ಇದಕ್ಕೆ ಕಾರಣ. ಹೃದಯ ಸೋಲತೊಡಗಿದಾಗ ಮೇಲಿನ ನಾಳಗಳೂ ಕೆಳಗಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದಪ್ಪವಾಗಿ ಕಾಣುತ್ತವೆ. ಇದು ಬಹಳ ಸೂಕ್ಷ್ಮ ಗುರುತು, ನುರಿತ ಕಣ್ಣಿಗೆ ಮಾತ್ರ ಸಿಗುವಂಥದ್ದು. ಮಲಗಿಸಿ ತೆಗೆದ ಫಿಲ್ಮಿನಲ್ಲಿ ಆರೋಗ್ಯವಂತರಿಗೂ ಹೀಗೆಯೇ ಕಾಣುವುದರಿಂದ ಅಲ್ಲಿ ಇದಕ್ಕೆ ಬೆಲೆ ಇಲ್ಲ.

ಎರಡನೇ ಹಂತ: ನೀರಿನ ಗೆರೆಗಳು

ಶ್ವಾಸಕೋಶವು ಒಳಗೆ ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಣೆಯಾಗಿದೆ. ಕೋಣೆಗಳ ನಡುವಿನ ಗೋಡೆ ಎಷ್ಟು ತೆಳುವೆಂದರೆ ಆರೋಗ್ಯವಂತರ ಎಕ್ಸ್‌ರೇಯಲ್ಲಿ ಅದು ಕಾಣುವುದೇ ಇಲ್ಲ. ಆ ಗೋಡೆಗೆ ನೀರು ಸೇರಿ ಉಬ್ಬಿದಾಗ ಮಾತ್ರ ಅದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಐರ್ಲೆಂಡ್ ಮೂಲದ ಎಕ್ಸ್‌ರೇ ತಜ್ಞ ಪೀಟರ್ ಕರ್ಲೆ 1933ರಲ್ಲಿ ಇಂಥ ಗೆರೆಗಳನ್ನು ವಿವರಿಸಿದ್ದರಿಂದ ಇಂದಿಗೂ ರಿಪೋರ್ಟುಗಳಲ್ಲಿ 'ಕರ್ಲೆ ಬಿ ಲೈನ್ಸ್' ಎಂದು ಬರೆಯುತ್ತಾರೆ.

ಇವನ್ನು ಹುಡುಕಬೇಕಾದದ್ದು ಶ್ವಾಸಕೋಶದ ಕೆಳಗಿನ ಹೊರ ಅಂಚಿನಲ್ಲಿ, ಪಕ್ಕೆಲುಬಿನ ಗೋಡೆಗೆ ತಾಗಿದ ಜಾಗದಲ್ಲಿ. ಒಂದೆರಡು ಸೆಂಟಿಮೀಟರ್ ಉದ್ದದ, ಕೂದಲಿನಷ್ಟು ಸಪೂರದ ಗೆರೆಗಳು ಎದೆಗೋಡೆಯಿಂದ ಒಳಮುಖವಾಗಿ ಅಡ್ಡಕ್ಕೆ, ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ನಿಂತಿರುತ್ತವೆ. ಅದು ರಕ್ತನಾಳವಲ್ಲವೆಂದು ತಿಳಿಯುವುದು ಹೇಗೆ? ರಕ್ತನಾಳ ಕವಲೊಡೆಯುತ್ತಾ ಹೊರಗೆ ಹೋದಂತೆ ಸಪೂರವಾಗಿ, ಅಂಚು ತಲುಪುವ ಮೊದಲೇ ಕಣ್ಣಿಗೆ ಮರೆಯಾಗುತ್ತದೆ. ಕರ್ಲೆ ಗೆರೆಗೆ ಕವಲಿಲ್ಲ, ಅದು ಅಂಚನ್ನು ಮುಟ್ಟಿಯೇ ಇರುತ್ತದೆ.

ಇದೇ ಹಂತದಲ್ಲಿ ನೀರು ಇನ್ನೆರಡು ಕಡೆ ಗೆರೆ ಎಳೆಯುತ್ತದೆ. ಒಂದು, ಬಲ ಶ್ವಾಸಕೋಶದ ಎರಡು ಭಾಗಗಳ ನಡುವಿನ ಸಂದು. ಸಾಮಾನ್ಯವಾಗಿ ಪೆನ್ಸಿಲಿನ ತೆಳು ಗೀಟಿನಂತಿರುವ ಇದು ನೀರು ಸೇರಿದಾಗ ದಪ್ಪವಾಗುತ್ತದೆ. ಕೆಲವೊಮ್ಮೆ ಆ ಸಂದಿನಲ್ಲೇ ನೀರು ಉಂಡೆಗಟ್ಟಿ ದುಂಡಗಿನ ಗಡ್ಡೆಯಂತೆ ಕಂಡು ಮನೆಯವರನ್ನು ಕ್ಯಾನ್ಸರಿನ ಭಯಕ್ಕೆ ತಳ್ಳುವುದೂ ಉಂಟು. ಹೃದಯದ ಚಿಕಿತ್ಸೆಯಿಂದ ಅದು ಕರಗಿಹೋಗುವುದರಿಂದ ವೈದ್ಯರು ಇದನ್ನು 'ಮಾಯಾ ಗಡ್ಡೆ' ಎನ್ನುತ್ತಾರೆ. ಎರಡನೆಯದು, ಶ್ವಾಸಕೋಶದ ಹೊರಗಿನ ಪೊರೆಯ ತಳ. ಪಕ್ಕೆಲುಬು ಮತ್ತು ವಪೆ ಸೇರುವ ಮೂಲೆ ಚೂಪಾಗಿರಬೇಕು. ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ನೀರು ಸೇರಿದಾಗ ಅದು ಮೊಂಡಾಗಿ ತುಂಬಿದಂತೆ ಕಾಣುತ್ತದೆ. ಹೃದಯ ವೈಫಲ್ಯದಲ್ಲಿ ಇದು ಹೆಚ್ಚಾಗಿ ಎರಡೂ ಬದಿಗೆ, ಒಂದೇ ಬದಿಯಾದರೆ ಹೆಚ್ಚಾಗಿ ಬಲಕ್ಕೆ ಬರುತ್ತದೆ.

ಮೂರನೇ ಹಂತ: ಚಿಟ್ಟೆ

ಗಾಳಿಚೀಲಗಳಿಗೇ ನೀರು ನುಗ್ಗಿದಾಗ ಕಪ್ಪಾಗಿರಬೇಕಾದ ಶ್ವಾಸಕೋಶ ಮಬ್ಬಾಗುತ್ತದೆ. ಈ ಮಬ್ಬು ಹೃದಯದ ಎರಡೂ ಪಕ್ಕ, ನಾಳಗಳು ಒಳಬರುವ ಬುಡದಿಂದ ಆರಂಭವಾಗಿ ಹೊರಕ್ಕೆ ಹರಡುತ್ತದೆ. ಹೊರ ಅಂಚು ಮಾತ್ರ ಬಹುಮಟ್ಟಿಗೆ ಕಪ್ಪಾಗಿಯೇ ಉಳಿಯುತ್ತದೆ. ನಡುವೆ ಹೃದಯ ಒಡಲಾಗಿ, ಎರಡು ಬದಿಯ ಮಬ್ಬು ರೆಕ್ಕೆಗಳಾಗಿ ಚಿಟ್ಟೆ ಕೂತ ಹಾಗೆ ಕಾಣುವುದರಿಂದ ಈ ಹೆಸರು. ಬಾವಲಿಯ ರೆಕ್ಕೆ ಎಂದೂ ಕರೆಯುತ್ತಾರೆ.

ಎಲ್ಲ ಹೃದಯ ವೈಫಲ್ಯದಲ್ಲೂ ಚಿಟ್ಟೆ ಮೂಡುವುದಿಲ್ಲ. ಒತ್ತಡ ಬಹಳ ಬೇಗ ಏರಿದಾಗ, ಉದಾಹರಣೆಗೆ ದೊಡ್ಡ ಹೃದಯಾಘಾತ, ಬಿಪಿಯ ಹಠಾತ್ ಏರಿಕೆ ಅಥವಾ ಕವಾಟ ಒಮ್ಮೆಲೇ ಕೈಕೊಟ್ಟಾಗ ಅದು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಚಿಟ್ಟೆ ಇಲ್ಲವೆಂದು ಧೈರ್ಯ ತಾಳುವಂತಿಲ್ಲ. ಚಿಟ್ಟೆ ಇದ್ದರೆ ಮಾತ್ರ ತಡಮಾಡುವಂತೆಯೇ ಇಲ್ಲ, ಅದು ಗಂಟೆಗಳ ಲೆಕ್ಕದ ತುರ್ತು.

ಒಬ್ಬ ತಾಯಿಯ ಮೂರು ಫಿಲ್ಮುಗಳು

ಇವೆಲ್ಲ ಒಂದೇ ರೋಗಿಯಲ್ಲಿ ಹೇಗೆ ಕಾಣುತ್ತವೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. 62 ವರ್ಷದ ತಾಯಿ. ಹದಿನೈದು ವರ್ಷಗಳ ಬಿಪಿ, ಜೊತೆಗೆ ಸಕ್ಕರೆ ಕಾಯಿಲೆ. ದಿನಾ ನೀರಿನ ಮಾತ್ರೆ ತಿನ್ನುತ್ತಿದ್ದರು. ಸಂಬಂಧಿಕರ ನಿಕಾಹ್‌ಗೆ ದೂರದ ಬಸ್ ಪ್ರಯಾಣ. ದಾರಿಯಲ್ಲಿ ಪದೇ ಪದೇ ಮೂತ್ರಕ್ಕೆ ಇಳಿಯುವುದು ಮುಜುಗರವೆಂದು ನಾಲ್ಕು ದಿನ ಆ ಮಾತ್ರೆ ಬಿಟ್ಟರು. ಮಂಟಿನೋವಿಗೆ ಅಂಗಡಿಯ ನೋವಿನ ಮಾತ್ರೆ ತಿಂದರು. ಮದುವೆಯೂಟ, ಉಪ್ಪಿನಕಾಯಿ, ಒಣಮೀನು ಬೇರೆ. ಮನೆಗೆ ಬಂದ ರಾತ್ರಿ ಕೆಮ್ಮು ಶುರುವಾಯಿತು. ಎರಡನೇ ರಾತ್ರಿ ಮೂರು ದಿಂಬು ಇಟ್ಟು ಒರಗಿದರು. ನಮಾಝಿನಲ್ಲಿ ಸುಜೂದಿಗೆ ಬಾಗಿದರೆ ಉಸಿರು ಕಟ್ಟುತ್ತಿತ್ತು. ಮನೆಯವರು ದಮ್ಮು ಎಂದು ಸಿರಪ್ ಕುಡಿಸಿದರು. ಮೂರನೇ ದಿನ ಲ್ಯಾಬಿನಲ್ಲಿ ನಿಂತುಕೊಂಡೇ ಎಕ್ಸ್‌ರೇ ತೆಗೆಸಿದರು.

ಮಗ ಫಿಲ್ಮ್ ಹಿಡಿದು ಕೇಳಿದ: "ಡಾಕ್ಟ್ರೇ, ಉಮ್ಮನಿಗೆ ನ್ಯುಮೋನಿಯಾ ಅಂತಾರೆ, ಎರಡೂ ಕಡೆ ಬಿಳಿ ಇದೆಯಲ್ಲ?"

ಮೊದಲು ಹೃದಯವನ್ನು ಅಳೆಯಬೇಕು. ಆ ಫಿಲ್ಮಿನಲ್ಲಿ ಹೃದಯದ ಅತಿ ಹೆಚ್ಚಿನ ಅಗಲ 15 ಸೆಂಟಿಮೀಟರ್, ಎದೆಗೂಡಿನ ಒಳ ಅಗಲ 25 ಸೆಂಟಿಮೀಟರ್. 15ನ್ನು 25ರಿಂದ ಭಾಗಿಸಿದರೆ 0.6. ನಿಂತು ತೆಗೆದ ಫಿಲ್ಮಿನಲ್ಲಿ ಇದು 0.5 ದಾಟಬಾರದು. ಅಂದರೆ ಹೃದಯ ದೊಡ್ಡದಾಗಿದೆ. ಮಬ್ಬು ಎರಡೂ ಬದಿಗೆ ಬುಡದಿಂದ ಹೊರಕ್ಕೆ ಹರಡಿ ಚಿಟ್ಟೆಯಂತಿದೆ. ಬಲಗಡೆ ಕೆಳ ಅಂಚಿನಲ್ಲಿ ನಾಲ್ಕೈದು ಅಡ್ಡ ಗೆರೆಗಳಿವೆ, ಮೂಲೆ ಮೊಂಡಾಗಿದೆ. ಜ್ವರವಿಲ್ಲ, ಹಳದಿ ಕಫವಿಲ್ಲ. ಕಾಲು ಊದಿದೆ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 86, ಬಿಪಿ 190/110. "ಇದು ಹೃದಯದಿಂದ ಬಂದ ನೀರಿನಂತೆ ಕಾಣುತ್ತದೆ. ಉಮ್ಮನನ್ನು ಮಲಗಿಸಬೇಡಿ, ಕೂರಿಸಿಯೇ ಹೃದಯ ವಿಭಾಗವಿರುವ ಆಸ್ಪತ್ರೆಗೆ ಈಗಲೇ ಕರೆದೊಯ್ಯಿರಿ" ಎನ್ನುವುದಷ್ಟೇ ಇಂಥ ಹೊತ್ತಿನಲ್ಲಿ ಕ್ಲಿನಿಕ್ಕಿನ ವೈದ್ಯನ ಕೆಲಸ. ಯುನಾನಿಯಾಗಲಿ ಬೇರೆ ಪದ್ಧತಿಯಾಗಲಿ, ಇದಕ್ಕೆ ಕ್ಲಿನಿಕ್ಕಿನಲ್ಲಿ ಮದ್ದು ಹುಡುಕುತ್ತಾ ಕೂರುವ ಸಮಯ ಇದಲ್ಲ.

ಆಸ್ಪತ್ರೆಯಲ್ಲಿ ಬಿಗಿ ಮಾಸ್ಕಿನ ಮೂಲಕ ಒತ್ತಡದ ಆಮ್ಲಜನಕ, ರಕ್ತನಾಳಕ್ಕೆ ಫ್ಯೂರೋಸೆಮೈಡ್ ಇಂಜೆಕ್ಷನ್, ಬಿಪಿ ಇಳಿಸಲು ನೈಟ್ರೋಗ್ಲಿಸರಿನ್ ಡ್ರಿಪ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಎರಡು ಲೀಟರಿನಷ್ಟು ಮೂತ್ರ ಹೋಗಿ ಉಸಿರು ಹಗುರಾಯಿತು. ಎರಡನೇ ಫಿಲ್ಮನ್ನು ಹಾಸಿಗೆಯಲ್ಲೇ ತೆಗೆದರು. ಅದನ್ನು ನೋಡಿ ಮಗ ಇನ್ನಷ್ಟು ಗಾಬರಿಯಾದ, ಏಕೆಂದರೆ ಹೃದಯದ ಅಗಲ 15 ಹೋಗಿ 17 ಆಗಿತ್ತು. ಹೃದಯ ಬೆಳೆದದ್ದಲ್ಲ. ನಿಂತ ಫಿಲ್ಮಿನಲ್ಲಿ ಕಿರಣ ಬೆನ್ನಿನಿಂದ ಬಂದು ಎದೆಯ ಮುಂದಿನ ತಟ್ಟೆಗೆ ಬೀಳುತ್ತದೆ, ಹೃದಯ ತಟ್ಟೆಗೆ ಹತ್ತಿರ. ಹಾಸಿಗೆಯ ಫಿಲ್ಮಿನಲ್ಲಿ ಕಿರಣ ಮುಂದಿನಿಂದ, ಹತ್ತಿರದಿಂದ ಬರುತ್ತದೆ, ತಟ್ಟೆ ಬೆನ್ನಿನ ಕೆಳಗಿರುತ್ತದೆ. ದೀಪದ ಹತ್ತಿರ ಕೈ ಹಿಡಿದರೆ ಗೋಡೆಯ ಮೇಲಿನ ನೆರಳು ದೊಡ್ಡದಾಗುವ ಹಾಗೆ ಹೃದಯದ ನೆರಳೂ ಹಿಗ್ಗುತ್ತದೆ. ಮೊದಲನೆಯದಕ್ಕೆ ಪಿಎ, ಎರಡನೆಯದಕ್ಕೆ ಎಪಿ ಎಂದು ಹೆಸರು. ಇವೆರಡರ ಹೃದಯದ ಅಳತೆಯನ್ನು ಹೋಲಿಸಬಾರದು. ನಿಜವಾಗಿ ನೋಡಬೇಕಾದದ್ದು ಮಬ್ಬನ್ನು, ಅದು ಆಗಲೇ ಅರ್ಧಕ್ಕಿಂತ ಹೆಚ್ಚು ತಿಳಿಯಾಗಿತ್ತು.

ಆರನೇ ದಿನ ಮತ್ತೆ ನಿಲ್ಲಿಸಿ ತೆಗೆದ ಮೂರನೇ ಫಿಲ್ಮಿನಲ್ಲಿ ಚಿಟ್ಟೆ ಇರಲಿಲ್ಲ, ಗೆರೆಗಳು ಇರಲಿಲ್ಲ. ಬಲ ಮೂಲೆ ಮಾತ್ರ ಸ್ವಲ್ಪ ಮೊಂಡಾಗಿ ಉಳಿದಿತ್ತು. ಪೊರೆಯ ನೀರು ಇಳಿಯಲು ಹೆಚ್ಚು ದಿನ ಬೇಕು. ತೂಕ 66 ಕಿಲೋದಿಂದ 61ಕ್ಕೆ ಇಳಿದಿತ್ತು. ಆ ಐದು ಕಿಲೋ ಕೊಬ್ಬಲ್ಲ, ನೀರು. ಎಕೋ ಪರೀಕ್ಷೆಯಲ್ಲಿ ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದ ಶೇಕಡಾ 35ನ್ನು ಮಾತ್ರ ಹೊರತಳ್ಳುತ್ತಿದೆ ಎಂದು ತಿಳಿಯಿತು. ಅದು 50ಕ್ಕಿಂತ ಮೇಲಿರಬೇಕಿತ್ತು.

ನ್ಯುಮೋನಿಯಾ ಅಲ್ಲವೆಂದು ಹೇಗೆ ಗೊತ್ತಾಯಿತು?

ಮಗನ ಪ್ರಶ್ನೆಗೆ ಅತಿ ಸ್ಪಷ್ಟ ಉತ್ತರ ಆ ಮೂರು ಫಿಲ್ಮುಗಳ ನಡುವಿನ ಕಾಲದಲ್ಲಿದೆ. ಹೃದಯದ ನೀರು ಗಂಟೆಗಳಲ್ಲಿ ಏರುತ್ತದೆ, ಸರಿಯಾದ ಮದ್ದು ಸಿಕ್ಕರೆ ಗಂಟೆ, ದಿನಗಳಲ್ಲಿ ಇಳಿಯುತ್ತದೆ. ನ್ಯುಮೋನಿಯಾದ ಬಿಳುಪು ರೋಗಿ ಗುಣವಾದ ಮೇಲೂ ವಾರಗಟ್ಟಲೆ ಫಿಲ್ಮಿನಲ್ಲಿ ಉಳಿಯುತ್ತದೆ. ನ್ಯುಮೋನಿಯಾ ಹೆಚ್ಚಾಗಿ ಒಂದು ಬದಿಯ ಒಂದು ಭಾಗಕ್ಕೆ ಸೀಮಿತ, ಜ್ವರದ ಜೊತೆಗೆ ಬರುತ್ತದೆ, ಹೃದಯದ ಗಾತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿರಿಯರಲ್ಲಿ ಎರಡೂ ಒಟ್ಟಿಗೆ ಇರಬಹುದು, ಎದೆಯ ಸೋಂಕೇ ಸೋತ ಹೃದಯವನ್ನು ಕೆಡವಿರಬಹುದು. ಹಾಗಾಗಿ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ.

ಚಿಟ್ಟೆ ಮೂಡಿಸುವ ಇನ್ನೊಂದು ಕಾರಣ ಮೂತ್ರಪಿಂಡ. ಮೂತ್ರ ನಿಂತು ದೇಹದಲ್ಲಿ ನೀರು ಹೆಚ್ಚಾದರೆ ಹೃದಯ ಗಟ್ಟಿಯಿದ್ದರೂ ಅದೇ ಚಿತ್ರ ಬರುತ್ತದೆ. ಆದ್ದರಿಂದ ಎಕ್ಸ್‌ರೇ ಜೊತೆ ಕ್ರಿಯಾಟಿನಿನ್, ಇಸಿಜಿ, ಎಕೋ, ಸಾಧ್ಯವಿದ್ದಲ್ಲಿ ಹೃದಯದ ಒತ್ತಡ ತಿಳಿಸುವ ಬಿಎನ್‌ಪಿ ಪರೀಕ್ಷೆ ಎಲ್ಲ ಬೇಕಾಗುತ್ತವೆ. ಇವು ದುಂದುವೆಚ್ಚವಲ್ಲ.

ಎಕ್ಸ್‌ರೇ ಎಲ್ಲಿ ದಾರಿ ತಪ್ಪಿಸುತ್ತದೆ?

ಫಿಲ್ಮ್ ಸ್ವಚ್ಛವಾಗಿದ್ದರೂ ಹೃದಯ ಸೋತಿರಬಹುದು. ಬಹಳ ಕಾಲದಿಂದ ಹೃದಯ ವೈಫಲ್ಯ ಇರುವವರಲ್ಲಿ ನೀರನ್ನು ಹೀರಿ ಸಾಗಿಸುವ ದುಗ್ಧನಾಳಗಳು ಕೆಲಸ ಹೆಚ್ಚಿಸಿಕೊಂಡಿರುತ್ತವೆ. ಒಳಗೆ ಒತ್ತಡ ಏರಿದ್ದರೂ ಫಿಲ್ಮಿನಲ್ಲಿ ಏನೂ ಕಾಣದೆ ಇರಬಹುದು. ತದ್ವಿರುದ್ಧವೂ ಉಂಟು. ರೋಗಿ ಪೂರ್ಣ ಉಸಿರು ಎಳೆದುಕೊಳ್ಳದೆ ತೆಗೆದ ಫಿಲ್ಮಿನಲ್ಲಿ ಆರೋಗ್ಯವಂತ ಶ್ವಾಸಕೋಶವೂ ಮಬ್ಬಾಗಿ, ಹೃದಯ ದೊಡ್ಡದಾಗಿ ಕಾಣುತ್ತದೆ. ವಪೆಯ ಮೇಲೆ ಹಿಂಬದಿಯ ಒಂಬತ್ತು, ಹತ್ತು ಪಕ್ಕೆಲುಬುಗಳು ಎಣಿಸಲು ಸಿಕ್ಕರೆ ಉಸಿರು ಸರಿಯಾಗಿ ತೆಗೆದಿದ್ದಾರೆಂದು ಅರ್ಥ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಕೆಟ್ಟವರಲ್ಲಿ ನೀರು ಉಳಿದ ಒಳ್ಳೆಯ ಭಾಗಕ್ಕೆ ಮಾತ್ರ ಸೇರಿ, ಚಿಟ್ಟೆಯ ಬದಲು ತೇಪೆ ತೇಪೆಯಾಗಿ ಕಾಣಬಹುದು. ಇಲ್ಲೆಲ್ಲ ಹಳೆಯ ಫಿಲ್ಮ್ ಇದ್ದರೆ ಹೋಲಿಸಿ ನೋಡಲು ಬಹಳ ಉಪಕಾರಿ. ಅದನ್ನು ಬಿಸಾಡದೆ ಇಟ್ಟುಕೊಳ್ಳಿ.

ಜೋಶಾಂದದಲ್ಲಿರುವ ಒಂದು ಬೇರು

ನನ್ನ ಪದ್ಧತಿಯ ಮದ್ದಿನ ಬಗ್ಗೆಯೇ ಒಂದು ಎಚ್ಚರಿಕೆ ಹೇಳಬೇಕು. ಕೆಮ್ಮಿನ ಜೋಶಾಂದ, ಸಿರಪ್‌ಗಳಲ್ಲಿ 'ಅಸ್ಲುಸ್ಸೂಸ್', ಅಂದರೆ ಜ್ಯೇಷ್ಠಮಧು ಹೆಚ್ಚಾಗಿ ಇರುತ್ತದೆ. ಗಂಟಲಿಗೆ ಅದು ಒಳ್ಳೆಯದೇ. ಆದರೆ ಅದರೊಳಗಿನ ಗ್ಲಿಸರೈಝಿನ್ ಎಂಬ ಅಂಶವು ದೇಹದಲ್ಲಿ ಉಪ್ಪು, ನೀರನ್ನು ತಡೆದಿಡುತ್ತದೆ, ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನೀರಿನ ಮಾತ್ರೆ ತಿನ್ನುವವರಿಗೆ ಪೊಟ್ಯಾಸಿಯಂ ಆಗಲೇ ಕಡಿಮೆಯಾಗುತ್ತಿರುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು, ಡಿಗಾಕ್ಸಿನ್ ತಿನ್ನುವವರಿಗಂತೂ ಅಪಾಯ ಇನ್ನೂ ಹೆಚ್ಚು. ಹೃದಯ ವೈಫಲ್ಯ ಅಥವಾ ಹತೋಟಿಗೆ ಬಾರದ ಬಿಪಿ ಇರುವವರು ದಿನಗಟ್ಟಲೆ ಇಂಥ ಕಷಾಯ ಕುಡಿಯಬಾರದು. ಹಕೀಮರ ಬಳಿ ಹೋದಾಗ ತಾವು ತಿನ್ನುವ ಹೃದಯದ ಮಾತ್ರೆಗಳನ್ನು ತೋರಿಸಿ.

ಮನೆಯವರು ಮಾಡಬೇಕಾದದ್ದು

ಉಸಿರು ಕಟ್ಟಿ ಎದ್ದು ಕೂತವರನ್ನು ಮಲಗಿಸಬೇಡಿ. ಮಂಚದ ಅಂಚಿಗೆ ಕೂರಿಸಿ ಕಾಲು ಇಳಿಬಿಡಿ. ಕಾಲಿನ ಕಡೆಗೆ ರಕ್ತ ಇಳಿದಷ್ಟು ಶ್ವಾಸಕೋಶದ ಭಾರ ಕಡಿಮೆಯಾಗುತ್ತದೆ. ನಡೆಸಬೇಡಿ, ಮೆಟ್ಟಿಲು ಇಳಿಸುವಾಗ ಕುರ್ಚಿಯಲ್ಲಿ ಎತ್ತಿಕೊಳ್ಳಿ. ಗುಲಾಬಿ ಬಣ್ಣದ ನೊರೆ ಕಫ, ತುಟಿ ನೀಲಿಯಾಗುವುದು, ಮಾತಾಡಲು ಆಗದಿರುವುದು ಅಥವಾ ಎದೆನೋವು ಕಂಡರೆ ಎಕ್ಸ್‌ರೇಗಾಗಿ ಲ್ಯಾಬ್ ಹುಡುಕಬೇಡಿ, 108ಕ್ಕೆ ಕರೆ ಮಾಡಿ. ಎಕ್ಸ್‌ರೇ ಆಸ್ಪತ್ರೆಯಲ್ಲಿ ಆಗುತ್ತದೆ. ಹಳೆಯ ಫಿಲ್ಮ್ ಮತ್ತು ತಿನ್ನುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಜೊತೆಗೆ ಒಯ್ಯಿರಿ.

ಒಮ್ಮೆ ಹೃದಯ ಸೋತವರ ಮನೆಯಲ್ಲಿ ಒಂದು ತೂಕದ ಯಂತ್ರವಿರಲಿ. ಬೆಳಿಗ್ಗೆ ಮೂತ್ರ ಮಾಡಿದ ನಂತರ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು. ಎಕ್ಸ್‌ರೇಯಲ್ಲಿ ಗೆರೆ ಮೂಡುವ ಮೊದಲೇ ತೂಕದ ಯಂತ್ರ ಅದನ್ನು ಹೇಳಿಬಿಡಬಹುದು. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿನ್ನಬೇಡಿ. ರಮಝಾನ್ ಉಪವಾಸವಿರಲಿ, ಪ್ರಯಾಣವಿರಲಿ, ನೀರಿನ ಮಾತ್ರೆಯನ್ನು ತಾವಾಗಿ ಬಿಡಬೇಡಿ. ಉಪವಾಸ ಹಿಡಿಯಬಹುದೇ, ಹಿಡಿದರೆ ಯಾವ ಹೊತ್ತಿಗೆ ಮಾತ್ರೆ ಎಂಬುದನ್ನು ಹೃದಯ ವೈದ್ಯರ ಬಳಿ ಮೊದಲೇ ಕೇಳಿಕೊಳ್ಳಿ. ಆ ತಾಯಿ ಈಗ ದೂರ ಹೊರಡುವ ದಿನ ಮಾತ್ರೆಯನ್ನು ವೈದ್ಯರ ಒಪ್ಪಿಗೆಯಂತೆ ಊರು ತಲುಪಿದ ಮೇಲೆ ತಿನ್ನುತ್ತಾರೆ. ಕೆಲವು ಗಂಟೆ ತಡವಾಗಬಹುದು, ಆದರೆ ಒಂದು ದಿನವೂ ತಪ್ಪುವುದಿಲ್ಲ.